ಮಗು ಅರ್ಧಂಬರ್ಧ ಕಳಿಸಿದ ಹೋಮ್‌ವರ್ಕ್ ಪ್ರಶ್ನೆ: ಪಠ್ಯಪುಸ್ತಕದ ಪುಟ ಕೇಳಿ ತರಿಸಿಕೊಳ್ಳುವುದು ಹೇಗೆ?

ಸಂಜೆ ಆರು ಗಂಟೆ. ನೀವಿನ್ನೂ ಆಫೀಸಿನಲ್ಲೋ ಬಸ್ಸಿನಲ್ಲೋ ಇದ್ದೀರಿ. ಮನೆಯಲ್ಲಿ ಅಜ್ಜಿಯ ಫೋನಿನಿಂದ ಮಗಳ ಮೆಸೇಜ್ ಬರುತ್ತದೆ:

"ಅಮ್ಮಾ 6ನೇ ಲೆಕ್ಕ ಬರ್ತಿಲ್ಲ. 30 ಮೀ ಉದ್ದ 20 ಮೀ ಅಗಲ ತೋಟ. 2 ಮೀ ಅಗಲದ ದಾರಿ. ದಾರಿ ವಿಸ್ತೀರ್ಣ ಎಷ್ಟು"

ನಾನು ಐದರಿಂದ ಎಂಟನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಇಂಥ ಮೆಸೇಜನ್ನು ಅಪ್ಪ ಅಮ್ಮಂದಿರು ನನಗೆ ಹಾಗೇ ಫಾರ್ವರ್ಡ್ ಮಾಡುತ್ತಾರೆ, ಕೆಳಗೆ "ಸ್ವಲ್ಪ ಹೇಳಿ ಮೇಡಂ" ಅಂತ ಸೇರಿಸಿ. ಪುಟ ಕಳಿಸಿ ಎಂದರೆ ಮತ್ತೊಂದು ಅರ್ಧ ಫೋಟೋ ಬರುತ್ತದೆ. ಮೂರು ಸಲ ಅತ್ತಿತ್ತ ಹೋಗುವಷ್ಟರಲ್ಲಿ ಮಗುವಿಗೆ ನಿದ್ದೆ, ಅಮ್ಮನಿಗೆ ಸಿಟ್ಟು. ತಪ್ಪಾಗುವುದು ಹೆಚ್ಚಾಗಿ ಕೇಳುವ ರೀತಿಯಲ್ಲೇ. ಹಾಗಾಗಿ ಕೇಳುವ ಕ್ರಮವನ್ನು ಒಂದೊಂದೇ ಹಂತವಾಗಿ ಇಲ್ಲಿ ಬರೆದಿದ್ದೇನೆ. ಮೇಲಿನ ತೋಟದ ಲೆಕ್ಕವನ್ನೇ ಕೊನೆತನಕ ಹಿಡಿದುಕೊಂಡು ಹೋಗೋಣ.

## ಕೈಯಲ್ಲಿ ಏನೇನಿರಬೇಕು

ನಿಮ್ಮ ಕಡೆ: ಒಂದು ಪೆನ್ನು, ಒಂದು ಹಾಳೆ. ಫೋನಿನಲ್ಲೇ ನೋಡಿ ಫೋನಿನಲ್ಲೇ ಲೆಕ್ಕ ಮಾಡಲು ಹೋದರೆ ಅರ್ಧ ಸಂಖ್ಯೆ ಮರೆತುಹೋಗುತ್ತವೆ.

ಮಗುವಿನ ಕಡೆ: ಕ್ಯಾಮೆರಾ ಇರುವ ಫೋನು, ಪಠ್ಯಪುಸ್ತಕ, ನೋಟ್‌ಬುಕ್, ಪುಟ ಮಡಚಿಕೊಳ್ಳದ ಹಾಗೆ ಒತ್ತಿಡಲು ಒಂದು ಸ್ಕೇಲು. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಪುಸ್ತಕ ಹಿಡಿಯಲು ಅವರ ಕೈ ಇನ್ನೂ ಒಳ್ಳೆಯದು.

ಇದರ ಜೊತೆ, ವರ್ಷದ ಮೊದಲ ವಾರದಲ್ಲೇ ಮಾಡಿಡಬಹುದಾದ ಒಂದು ಕೆಲಸ ಇದೆ. ಮಗುವಿನ ಎಲ್ಲ ಪಠ್ಯಪುಸ್ತಕಗಳ ಮುಖಪುಟ ಮತ್ತು ಪರಿವಿಡಿಯ ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಯಾವ ಪುಸ್ತಕ ಎಂದು ಕೇಳುವ ಹಂತ 2ರ ಶ್ರಮ ಬಹುಪಾಲು ತಪ್ಪುತ್ತದೆ.

## ಹಂತ 1: ಉತ್ತರ ಹೇಳುವ ಮೊದಲು ಏನು ಬಿಟ್ಟುಹೋಗಿದೆ ಎಂದು ನೋಡಿ

ಮೆಸೇಜ್ ನೋಡಿದ ಕೂಡಲೇ ಲೆಕ್ಕ ಮಾಡಲು ಕೂರಬೇಡಿ. ತೋಟದ ಲೆಕ್ಕವನ್ನೇ ನೋಡಿ. ದಾರಿ ಎಲ್ಲಿದೆ ಅಂತ ಮಗು ಬರೆದಿಲ್ಲ. ಮೂರು ಸಾಧ್ಯತೆ ಇವೆ, ಮೂರಕ್ಕೂ ಬೇರೆ ಬೇರೆ ಉತ್ತರ.

ದಾರಿ ತೋಟದ ಹೊರಗೆ, ಸುತ್ತಲೂ ಇದ್ದರೆ ದೊಡ್ಡ ಆಯತ 34 ಮೀ × 24 ಮೀ ಆಗುತ್ತದೆ. 816ರಲ್ಲಿ ತೋಟದ 600 ಕಳೆದರೆ 216 ಚದರ ಮೀಟರ್.

ದಾರಿ ತೋಟದ ಒಳಗೆ, ಬೇಲಿಗೆ ತಾಗಿಕೊಂಡು ಸುತ್ತಲೂ ಇದ್ದರೆ ಒಳಗಿನ ಆಯತ 26 ಮೀ × 16 ಮೀ. 600ರಲ್ಲಿ 416 ಕಳೆದರೆ 184 ಚದರ ಮೀಟರ್.

ತೋಟದ ನಡುವೆ ಉದ್ದಕ್ಕೊಂದು, ಅಗಲಕ್ಕೊಂದು ದಾರಿ ಒಂದನ್ನೊಂದು ದಾಟಿ ಹೋದರೆ 60 ಮತ್ತು 40 ಕೂಡಿಸಿ, ಎರಡು ಸಲ ಎಣಿಕೆಯಾದ ನಡುವಿನ ಚೌಕದ 4 ಕಳೆಯಬೇಕು. ಆಗ 96 ಚದರ ಮೀಟರ್.

ಪುಸ್ತಕದಲ್ಲಿ 'ಒಳಗೆ' ಅಥವಾ 'ಹೊರಗೆ' ಅನ್ನುವ ಒಂದೇ ಪದ ಇದ್ದಿರುತ್ತದೆ, ಇಲ್ಲವೇ ಪಕ್ಕದಲ್ಲಿ ಚಿತ್ರ ಇರುತ್ತದೆ. ಮಗು ಸಂಖ್ಯೆಗಳನ್ನು ಮಾತ್ರ ಮುಖ್ಯ ಅಂದುಕೊಂಡು ಅವನ್ನಷ್ಟೇ ಟೈಪ್ ಮಾಡಿದೆ. ಬಹಳ ಮಕ್ಕಳು ಹೀಗೇ ಮಾಡುತ್ತಾರೆ.

ಟೈಪ್ ಮಾಡಿದ ಪ್ರಶ್ನೆಯಲ್ಲಿ ಇನ್ನೊಂದು ಅಪಾಯ ಇದೆ. ಎರಡೂವರೆಯನ್ನು ಪುಸ್ತಕ 2½ ಎಂದು ಅಚ್ಚು ಮಾಡಿರುತ್ತದೆ. ಮಗು ಅದನ್ನು 21/2 ಎಂದು ಟೈಪ್ ಮಾಡುತ್ತದೆ. ನೀವು ಇಪ್ಪತ್ತೊಂದರ ಅರ್ಧ, ಅಂದರೆ ಹತ್ತೂವರೆ ಅಂತ ಓದುತ್ತೀರಿ. 5² ಎಂಬುದು 52 ಆಗಿ ಬರುತ್ತದೆ. ಉತ್ತರ ವಿಚಿತ್ರವಾಗಿ ದೊಡ್ಡದಾಗಿ ಬಂದರೆ ಮೊದಲು ಇಲ್ಲಿ ಅನುಮಾನ ಪಡಿ.

ಭಾಷಾ ಪಾಠದಲ್ಲಿ ಬಿಟ್ಟುಹೋಗುವುದು ತಲೆಬರಹ. "ಮಳೆಗಾಲ, ದೇವಾಲಯ ಬಿಡಿಸಿ ಬರೆಯೋದು ಹೇಗಪ್ಪಾ" ಅಂತ ಮಗ ಕೇಳುತ್ತಾನೆ. ಅದು ಸಂಧಿಯ ಪ್ರಶ್ನೆಯಾದರೆ ಮಳೆ + ಕಾಲ, ಆದೇಶ ಸಂಧಿ. ದೇವ + ಆಲಯ, ಸವರ್ಣದೀರ್ಘ ಸಂಧಿ. ಸಮಾಸದ ಪ್ರಶ್ನೆಯಾದರೆ ಮಳೆಯ + ಕಾಲ, ದೇವರ + ಆಲಯ ಎಂದು ಬಿಡಿಸಿ ತತ್ಪುರುಷ ಸಮಾಸ ಎನ್ನಬೇಕು. ಪದ ಅದೇ, ಬಿಡಿಸುವ ರೀತಿ ಬೇರೆ. ಯಾವುದು ಬೇಕು ಎಂದು ಹೇಳುವುದು ಆ ಪದಗಳ ಮೇಲೆ ಅಚ್ಚಾಗಿರುವ ಒಂದು ಸಾಲು. ಅದು ಮೆಸೇಜಿನಲ್ಲಿ ಬಂದಿರುವುದೇ ಇಲ್ಲ.

ಎಚ್ಚರಿಕೆಯ ಸೂಚನೆ: ಪ್ರಶ್ನೆಯನ್ನು ಎರಡು ರೀತಿ ಅರ್ಥ ಮಾಡಿಕೊಳ್ಳಲು ಆಗುತ್ತಿದ್ದರೆ, ಅಥವಾ ಕೊಟ್ಟಿರುವ ಒಂದು ಸಂಖ್ಯೆ ಎಲ್ಲೂ ಬಳಕೆಯೇ ಆಗದಿದ್ದರೆ, ಪುಟ ಬರುವ ತನಕ ಕಾಯಿರಿ. "ಸುಮ್ನೆ 216 ಅಂತ ಬರಿ" ಎಂದುಬಿಟ್ಟರೆ ಮಗು ಅದನ್ನು ಪೆನ್ನಿನಲ್ಲೇ ಬರೆದು ಮುಗಿಸಿರುತ್ತದೆ. ಆಮೇಲೆ ಪುಟ ಕಳಿಸು ಅಂದರೆ ಯಾರು ಕಳಿಸುತ್ತಾರೆ?

## ಹಂತ 2: ಯಾವ ಪುಸ್ತಕ ಎಂದು ಗಟ್ಟಿ ಮಾಡಿಕೊಳ್ಳಿ

"ಪುಟ ಎಷ್ಟು?" ಎಂದು ನೇರ ಕೇಳಿದರೆ "45" ಎಂಬ ಉತ್ತರ ಬರುತ್ತದೆ. ಯಾವುದರ 45?

ರಾಜ್ಯ ಪಠ್ಯಕ್ರಮದಲ್ಲಿ ಒಂದೇ ವಿಷಯಕ್ಕೆ ಭಾಗ 1, ಭಾಗ 2 ಎಂದು ಎರಡು ಪುಸ್ತಕ ಇರುವುದುಂಟು. ಕನ್ನಡ ಮಾಧ್ಯಮದ ಪುಸ್ತಕದಲ್ಲೂ ಇಂಗ್ಲಿಷ್ ಮಾಧ್ಯಮದ ಪುಸ್ತಕದಲ್ಲೂ ಅದೇ ಲೆಕ್ಕ ಬೇರೆ ಬೇರೆ ಪುಟದಲ್ಲಿ ಇರಬಹುದು. ಅಕ್ಕನ ಹಳೆಯ ಪುಸ್ತಕ ತಮ್ಮನಿಗೆ ಬಂದಿದ್ದರೆ ಮುದ್ರಣವೇ ಬೇರೆ ಇರಬಹುದು. ಖಾಸಗಿ ಶಾಲೆಗಳಲ್ಲಂತೂ ಪಠ್ಯಪುಸ್ತಕದ ಜೊತೆಗೆ ಒಂದು ವರ್ಕ್‌ಬುಕ್, ಒಂದು ವರ್ಕ್‌ಶೀಟ್ ಕಂತೆ ಇರುತ್ತದೆ. ಮಗುವಿಗೆ ಎಲ್ಲವೂ 'ಮ್ಯಾಥ್ಸ್ ಬುಕ್'.

ಆದ್ದರಿಂದ ಮೊದಲು ಕೇಳಬೇಕಾದ್ದು ಮುಖಪುಟ:

"ಪುಟ್ಟೀ, ಆ ಲೆಕ್ಕ ಇರೋ ಪುಸ್ತಕ ಮುಚ್ಚಿ, ಮೇಲಿನ ಅಟ್ಟೆಯ ಫೋಟೋ ಕಳಿಸು. ಪುಟದ ಗುರುತಿಗೆ ಒಳಗೆ ಪೆನ್ಸಿಲ್ ಇಡು."

ಪೆನ್ಸಿಲ್ ಮಾತು ಸಣ್ಣದು ಅನಿಸಬಹುದು. ಆದರೆ ಪುಸ್ತಕ ಮುಚ್ಚಿದ ಮೇಲೆ ಮತ್ತೆ ಆ ಪುಟ ಹುಡುಕಲು ಮಗುವಿಗೆ ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಗಮನ ಟಿವಿ ಕಡೆ ಹೋಗಿರುತ್ತದೆ.

ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿದ್ದರೆ ಮುಖಪುಟ ಕಾಣುವುದಿಲ್ಲ. ಆಗ ಒಳಗಿನ ಮೊದಲ ಹಾಳೆಯನ್ನು ಕೇಳಿ. ತರಗತಿ, ವಿಷಯ, ಭಾಗ, ಮಾಧ್ಯಮ ಅಲ್ಲೂ ಅಚ್ಚಾಗಿರುತ್ತದೆ. ಮುಖಪುಟಗಳ ಫೋಟೋ ನಿಮ್ಮ ಫೋನಿನಲ್ಲಿ ಮೊದಲೇ ಇದ್ದರೆ ಇಷ್ಟೆಲ್ಲ ಬೇಡ. ಎರಡು ಫೋಟೋ ಕಳಿಸಿ "ಇದಾ, ಅದಾ?" ಎಂದರೆ ಸಾಕು.

## ಹಂತ 3: ಪುಟ ಕೇಳುವ ಮೆಸೇಜ್ ಬರೆಯಿರಿ

ಕೆಲಸಕ್ಕೆ ಬಾರದ ಮೆಸೇಜುಗಳು ಇವು: "ಸರಿಯಾಗಿ ಕಳಿಸು." "ಪೂರ್ತಿ ಕಳಿಸು." "ಏನೂ ಅರ್ಥ ಆಗ್ತಿಲ್ಲ." ಮಗುವಿನ ಲೆಕ್ಕದಲ್ಲಿ ಅದು ಪೂರ್ತಿಯೇ ಕಳಿಸಿದೆ. 6 ಎಂಬ ಅಂಕಿಯಿಂದ 'ಎಷ್ಟು' ಎಂಬಲ್ಲಿಯ ತನಕ ಇದೆಯಲ್ಲ, ಇನ್ನೇನು ಬೇಕು?

ಏನು ಬೇಕು ಎಂಬುದಕ್ಕಿಂತ ಕೈಯಲ್ಲಿ ಏನು ಮಾಡಬೇಕು ಎಂದು ಬರೆಯಿರಿ. ನಾನು ಅಪ್ಪ ಅಮ್ಮಂದಿರಿಗೆ ಕೊಡುವ ಮಾದರಿ ಇದು. ಹಾಗೇ ನಕಲು ಮಾಡಿಟ್ಟುಕೊಳ್ಳಬಹುದು:

"ಪುಟ್ಟೀ, ಪುಸ್ತಕ ಟೇಬಲ್ ಮೇಲೆ ಬಿಚ್ಚಿಡು. ಆ ಲೆಕ್ಕ ಇರೋ ಪುಟದ ನಾಲ್ಕೂ ಮೂಲೆ ಕಾಣೋ ಹಾಗೆ ಒಂದು ಫೋಟೋ ತೆಗಿ. ಕಟ್ ಮಾಡಬೇಡ, ಹಾಗೇ ಕಳಿಸು."

ಇದರಲ್ಲಿ ಮುಖ್ಯವಾದದ್ದು 'ನಾಲ್ಕೂ ಮೂಲೆ'. 'ಪೂರ್ತಿ ಪುಟ' ಎಂದರೆ ಮಗು ತನಗೆ ಪೂರ್ತಿ ಅನಿಸಿದಷ್ಟು ಕಳಿಸುತ್ತದೆ. ಮೂಲೆ ಎಣಿಸಬಹುದು. ನಾಲ್ಕು ಮೂಲೆ ಬಂದರೆ ಪುಟಸಂಖ್ಯೆ ತಾನಾಗಿ ಬರುತ್ತದೆ, ಅಭ್ಯಾಸದ ತಲೆಬರಹ ಬರುತ್ತದೆ, ಪಕ್ಕದ ಚಿತ್ರವೂ ಬರುತ್ತದೆ. ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳುವ ಕೆಲಸ ತಪ್ಪುತ್ತದೆ.

'ಕಟ್ ಮಾಡಬೇಡ' ಎಂದೂ ಹೇಳಲೇಬೇಕು. ಐದಾರನೇ ತರಗತಿ ದಾಟಿದ ಮಕ್ಕಳಿಗೆ ಫೋಟೋ ಕ್ರಾಪ್ ಮಾಡುವುದು ನಮಗಿಂತ ಚೆನ್ನಾಗಿ ಗೊತ್ತು. ಅಮ್ಮನಿಗೆ ಸುಲಭ ಆಗಲಿ ಎಂದು ಪ್ರಶ್ನೆಯನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ. ಪಾಪ, ಒಳ್ಳೆಯ ಉದ್ದೇಶವೇ.

ಒಂದು ಮೆಸೇಜಿಗೆ ಒಂದೇ ಕೆಲಸ. "ಮುಖಪುಟ, ಈ ಪುಟ, ಮುಂದಿನ ಪುಟ, ನೋಟ್‌ಬುಕ್ ಎಲ್ಲಾ ಕಳಿಸು" ಎಂದರೆ ಕೊನೆಯದೊಂದು ಮಾತ್ರ ಬರುತ್ತದೆ. ಒಂದು ಬಂದ ಮೇಲೆ ಇನ್ನೊಂದು ಕೇಳಿ. ಎರಡು ಮೂರು ಲೆಕ್ಕಗಳ ಮಾತು ಒಟ್ಟಿಗೆ ನಡೆಯುತ್ತಿದ್ದರೆ ವಾಟ್ಸಾಪಿನಲ್ಲಿ ಮಗುವಿನ ಮೆಸೇಜನ್ನು ಬಲಕ್ಕೆ ಎಳೆದು ಅದಕ್ಕೇ ಉತ್ತರ ಕೊಡಿ. ಯಾವ ಲೆಕ್ಕದ ಮಾತು ಎಂಬ ಗೊಂದಲ ಬರುವುದಿಲ್ಲ.

ಚಿಕ್ಕ ಮಕ್ಕಳಿಗೆ, ಅಂದರೆ ಮೂರು ನಾಲ್ಕನೇ ತರಗತಿಯವರಿಗೆ, ಬರೆದು ಕಳಿಸುವುದಕ್ಕಿಂತ ವಾಯ್ಸ್ ಮೆಸೇಜ್ ಒಳ್ಳೆಯದು. ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿ. ಅಜ್ಜಿಯೂ ಕೇಳಿಸಿಕೊಂಡು "ಅಮ್ಮ ಮೂಲೆ ಕಾಣ್ಬೇಕು ಅಂದ್ಳು, ಇನ್ನೊಂದು ತೆಗಿ" ಎನ್ನುತ್ತಾರೆ.

## ಹಂತ 4: ಬಂದ ಫೋಟೋ ಓದಲು ಆಗುತ್ತದೆಯೇ ನೋಡಿ

ಫೋಟೋ ಬಂದ ತಕ್ಷಣ ಹಿಗ್ಗಿಸಿ ಮೂರು ಕಡೆ ನೋಡಿ: ಮೇಲಿನ ಸಾಲು, ಕೆಳಗಿನ ಸಾಲು, ಹೊಲಿಗೆಯ ಪಕ್ಕದ ಅಂಚು. ಈ ಮೂರು ಓದಲು ಬಂದರೆ ಉಳಿದದ್ದೂ ಬರುತ್ತದೆ.

ಹೆಚ್ಚು ತೊಂದರೆ ಕೊಡುವುದು ಹೊಲಿಗೆಯ ಅಂಚು. ದಪ್ಪ ಪುಸ್ತಕದಲ್ಲಿ ಪುಟ ಅಲ್ಲಿ ಒಳಕ್ಕೆ ಬಾಗುತ್ತದೆ, ಎಡಗಡೆಯ ಪುಟವಾದರೆ ಸಾಲಿನ ಕೊನೆಯ ಎರಡು ಅಕ್ಷರ ಗುಳುಂ ಆಗುತ್ತದೆ. 'ಒಳಗೆ', 'ಹೊರಗೆ' ಎರಡೂ 'ಗೆ'ಯಲ್ಲೇ ಮುಗಿಯುತ್ತವೆ. ಪದ ಅಲ್ಲಿ ಮುರಿದು ಮುಂದಿನ ಸಾಲಿನ ಮೊದಲಲ್ಲಿ 'ರಗೆ' ಅಂತ ಕಂಡರೆ ಹೊರಗೆ, ಬರೀ 'ಗೆ' ಕಂಡರೆ ಯಾವುದೆಂದು ಹೇಳಲಾಗದು. ಸ್ಕೇಲಿನಿಂದ ಒತ್ತಿ ಹಿಡಿದು ಮತ್ತೆ ತೆಗೆಯಲು ಹೇಳಿ.

ಎರಡನೆಯದು ಬೆಳಕು. ಟ್ಯೂಬ್‌ಲೈಟ್ ಮಗುವಿನ ಬೆನ್ನ ಹಿಂದೆ ಇದ್ದರೆ ಪುಟದ ಮೇಲೆ ತಲೆಯ ನೆರಳು ಬೀಳುತ್ತದೆ. "ಲೈಟಿನ ಕಡೆ ಮುಖ ಮಾಡಿ ನಿಂತ್ಕೋ" ಎಂದರೆ ಸರಿಹೋಗುತ್ತದೆ. ನುಣುಪು ಕಾಗದದ ಪುಸ್ತಕಕ್ಕೆ ಫ್ಲ್ಯಾಶ್ ಹಾಕಿದರೆ ನಡುವೆ ಬಿಳಿ ಚುಕ್ಕೆ ಬಂದು ಅಕ್ಷರ ಅಳಿಸಿಹೋಗುತ್ತವೆ. ಫ್ಲ್ಯಾಶ್ ಬೇಡ ಎನ್ನಿ.

ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಆದರೂ ಮಾಮೂಲಿ ಅಕ್ಷರ ಓದಲು ಬರುತ್ತದೆ. ಭಿನ್ನರಾಶಿಯ ಮೇಲೆ ಕೆಳಗಿನ ಅಂಕಿ, ಸಣ್ಣ ಘಾತಸಂಖ್ಯೆ, ನಕ್ಷೆಯ ಊರಿನ ಹೆಸರು ಮಸುಕಾಗುತ್ತವೆ. ಕಳಿಸುವ ಮೊದಲು ಮೇಲೆ ಕಾಣುವ HD ಒತ್ತಲು ಹೇಳಿ. ಅದೂ ಸಾಲದಿದ್ದರೆ ಪೂರ್ತಿ ಪುಟದ ಒಂದು ಫೋಟೋ, ಆ ಲೆಕ್ಕದ ಹತ್ತಿರದಿಂದ ಇನ್ನೊಂದು ಫೋಟೋ ತರಿಸಿಕೊಳ್ಳಿ. ಹತ್ತಿರದ್ದು ಮೊದಲನೆಯದರ ಜೊತೆಗೇ ಇರಲಿ.

ಇನ್ನೊಂದು: ಒಮ್ಮೆ ನೋಡಿದರೆ ಮಾಯವಾಗುವ ಬಗೆಯ ಫೋಟೋ ಬಂದರೆ ಹಾಳೆಗೆ ಬರೆದುಕೊಳ್ಳುವ ಮೊದಲೇ ಮುಚ್ಚಿದರೆ ಮತ್ತೆ ತೆರೆಯಲು ಬರುವುದಿಲ್ಲ. ಅಜ್ಜಿಯ ಫೋನಿನಲ್ಲಿ ಆ ಗುಂಡಿ ಎಷ್ಟೋ ಸಲ ತಪ್ಪಿ ಒತ್ತಿಹೋಗುತ್ತದೆ.

ಫೋಟೋ ಸಾಧ್ಯವೇ ಇಲ್ಲ, ಮನೆಯಲ್ಲಿರುವುದು ಗುಂಡಿ ಒತ್ತುವ ಹಳೇ ಫೋನು ಎಂದಾದರೆ ಕರೆ ಮಾಡಿ ಓದಿಸಿ. ನಿಧಾನವಾಗಿ ಓದಲಿ, ನೀವು ಬರೆದುಕೊಳ್ಳಿ, ಬರೆದದ್ದನ್ನು ತಿರುಗಿ ಓದಿ ಹೇಳಿ. ಓದಿಸುವಾಗ "ಪ್ರಶ್ನೆ ನಂಬರಿನಿಂದ ಶುರು ಮಾಡಬೇಡ, ಪುಟದ ಮೇಲಿಂದ ಓದು" ಎನ್ನಿ. ಪಕ್ಕದಲ್ಲಿ ಚಿತ್ರ ಇದೆಯಾ ಎಂದು ಬೇರೆಯಾಗಿ ಕೇಳಿ. ಚಿತ್ರವನ್ನು ಯಾರೂ ಓದುವುದಿಲ್ಲವಲ್ಲ.

## ಹಂತ 5: ಹಿಂದಿನ ಪುಟ, ಮುಂದಿನ ಪುಟ

ಪುಟ ಬಂತು, ಸ್ಪಷ್ಟವಾಗಿದೆ. ಇಲ್ಲಿಗೆ ಮುಗಿಯಿತು ಎಂದು ಬಹಳ ಜನ ನಿಲ್ಲಿಸುತ್ತಾರೆ. ನಮ್ಮ ತೋಟದ ಲೆಕ್ಕದಲ್ಲಿ ಏನಾಯಿತು ನೋಡಿ. ಫೋಟೋದಲ್ಲಿ ಪ್ರಶ್ನೆ ಹೀಗಿದೆ:

"6. ಒಂದು ಆಯತಾಕಾರದ ತೋಟದ ಉದ್ದ 30 ಮೀ, ಅಗಲ 20 ಮೀ. ತೋಟದ ಒಳಗೆ ಅಂಚಿಗೆ ಸೇರಿದಂತೆ ಸುತ್ತಲೂ 2 ಮೀ ಅಗಲದ ದಾರಿ ಇದೆ. (i) ದಾರಿಯ ವಿಸ್ತೀರ್ಣ ಕಂಡುಹಿಡಿಯಿರಿ."

ಒಳಗೆ ಎಂದು ಗೊತ್ತಾಯಿತು, 184 ಎಂದು ಹೇಳಬಹುದು. ಆದರೆ (i) ಅಂತ ಇದೆ, (ii) ಇಲ್ಲ. ಪುಟದ ಕೊನೆಯ ಸಾಲು ಅದು. (ii) ಮುಂದಿನ ಪುಟದ ತಲೆಯಲ್ಲಿದೆ: "ಚದರ ಮೀಟರಿಗೆ 110 ರೂಪಾಯಿಯಂತೆ ದಾರಿಗೆ ಕಲ್ಲು ಹಾಸಲು ತಗಲುವ ವೆಚ್ಚ ಎಷ್ಟು?" 184 × 110 = 20,240 ರೂಪಾಯಿ. ಹೊರಗೆ ಎಂದುಕೊಂಡು 216 ಹೇಳಿದ್ದರೆ ಇಲ್ಲಿ 23,760 ಬಂದು ಎರಡೂ ಉತ್ತರ ಕೆಡುತ್ತಿತ್ತು.

ಹಾಗಾಗಿ ಪ್ರಶ್ನೆ ಪುಟದ ಕೊನೆಯ ನಾಲ್ಕೈದು ಸಾಲಿನಲ್ಲಿದ್ದರೆ ಮುಂದಿನ ಪುಟ ಕೇಳಿ. ಪುಟದ ಮೊದಲಲ್ಲೇ ಇದ್ದು, ಮೇಲೆ 'ಅಭ್ಯಾಸ' ಎಂಬ ತಲೆಬರಹ ಕಾಣದಿದ್ದರೆ ಹಿಂದಿನ ಪುಟ ಕೇಳಿ:

"ಈಗ ಒಂದೇ ಒಂದು ಪುಟ ಹಿಂದಕ್ಕೆ ತಿರುಗಿಸು. ಅದರದ್ದೂ ನಾಲ್ಕು ಮೂಲೆ."

ಹಿಂದಿನ ಪುಟ ಯಾಕೆ ಬೇಕು? ಪೂರ್ತಿ ಅಭ್ಯಾಸಕ್ಕೆ ಅನ್ವಯಿಸುವ ಸೂಚನೆ ಅಲ್ಲಿರುತ್ತದೆ. ವೃತ್ತದ ಲೆಕ್ಕಗಳಲ್ಲಿ π = 22/7 ಎಂದು ತೆಗೆದುಕೊಳ್ಳಿ ಎಂದೋ π = 3.14 ಎಂದೋ ತಲೆಯಲ್ಲೇ ಹೇಳಿಬಿಟ್ಟಿರುತ್ತಾರೆ. ತ್ರಿಜ್ಯ 14 ಸೆಂ.ಮೀ ಇರುವ ವೃತ್ತದ ಪರಿಧಿ 22/7 ಹಾಕಿದರೆ 88 ಸೆಂ.ಮೀ, 3.14 ಹಾಕಿದರೆ 87.92 ಸೆಂ.ಮೀ. ಅಪ್ಪ ಕ್ಯಾಲ್ಕ್ಯುಲೇಟರಿನಲ್ಲಿ ಮಾಡಿ 87.96 ಎಂದು ಹೇಳುತ್ತಾರೆ. ಮೂರೂ ಲೆಕ್ಕವಾಗಿ ಸರಿ, ಶಾಲೆಯಲ್ಲಿ ಟಿಕ್ ಬೀಳುವುದು ಒಂದಕ್ಕೆ.

ಅಭ್ಯಾಸಕ್ಕಿಂತ ಹಿಂದೆ ಪುಸ್ತಕವೇ ಬಿಡಿಸಿ ತೋರಿಸಿದ ಉದಾಹರಣೆ ಇರುತ್ತದೆ. ಸಮಯ ಇದ್ದರೆ ಅದನ್ನೂ ತರಿಸಿಕೊಳ್ಳಿ. ನೀವು ಕಲಿತ ಕಾಲದ ವಿಧಾನ ಬೇರೆ, ಈಗಿನ ಪುಸ್ತಕ ಹೇಳುವ ವಿಧಾನ ಬೇರೆ ಇರಬಹುದು. "ಮಿಸ್ ಹೀಗೆ ಹೇಳ್ಕೊಟ್ಟಿಲ್ಲ" ಎಂಬ ರಗಳೆ ಶುರುವಾಗುವುದು ಇಲ್ಲೇ. ಉದಾಹರಣೆಯ ಹೆಜ್ಜೆಗಳನ್ನು ಒಮ್ಮೆ ನೋಡಿಕೊಂಡು ಅದೇ ದಾರಿಯಲ್ಲಿ ಹೇಳಿದರೆ ಮಾತು ಬೆಳೆಯುವುದಿಲ್ಲ.

ಪುಸ್ತಕದ ಕೊನೆಯಲ್ಲಿ ಉತ್ತರಗಳ ಪಟ್ಟಿ ಇದ್ದರೆ ಅದನ್ನು ಕೊನೆಗೆ ಕೇಳಿ. ಮೊದಲೇ ಕೇಳಿದರೆ ಮಗು 184 ಎಂಬ ಉತ್ತರ ನೋಡಿಕೊಂಡು "ಆಯ್ತಮ್ಮಾ, ಗೊತ್ತಾಯ್ತು" ಎಂದು ಹೊರಟುಹೋಗುತ್ತದೆ.

## ಹಂತ 6: ನೋಟ್‌ಬುಕ್ ಎಲ್ಲಿಗೆ ಬಂದು ನಿಂತಿದೆ

'ಬರ್ತಿಲ್ಲ' ಎಂದರೆ ಶುರುವೇ ಮಾಡಿಲ್ಲ ಎಂದೂ ಆಗಬಹುದು, ಕೊನೆಯ ಸಾಲಿನಲ್ಲಿ ಸಿಕ್ಕಿಕೊಂಡಿದೆ ಎಂದೂ ಆಗಬಹುದು. ಪುಟದ ಫೋಟೋ ಬಂದ ಮೇಲೆ ನೋಟ್‌ಬುಕ್ಕಿನದ್ದನ್ನೂ ಕೇಳಿ:

"ನೀನು ಎಲ್ಲಿ ತನಕ ಮಾಡಿದ್ದೀಯೋ ಅದರ ಫೋಟೋ ಕಳಿಸು. ತಪ್ಪಿದ್ರೂ ಪರವಾಗಿಲ್ಲ, ಅಳಿಸಬೇಡ."

ಅಳಿಸಬೇಡ ಎಂದು ಹೇಳದಿದ್ದರೆ ರಬ್ಬರ್ ಉಜ್ಜಿದ ಖಾಲಿ ಜಾಗದ ಫೋಟೋ ಬರುತ್ತದೆ.

ತೋಟದ ಲೆಕ್ಕದಲ್ಲಿ ಇದು ಯಾಕೆ ಬೇಕು ಎಂದು ಹೇಳುತ್ತೇನೆ. ಮಗಳು ಫೋನಿನಲ್ಲಿ "ನಂಗೆ 96 ಬಂತು" ಎನ್ನುತ್ತಾಳೆ. ಹಂತ 1ರಲ್ಲಿ ನಡುವೆ ದಾಟುವ ದಾರಿಗೆ ಬಂದದ್ದೂ 96. ಹಾಗಾದರೆ ಅವಳು ದಾರಿ ನಡುವೆ ಇದೆ ಎಂದು ತಿಳಿದಳೇ? ನೋಟ್‌ಬುಕ್ ನೋಡಿದರೆ ಬೇರೆಯೇ ಕಥೆ. 30 − 2 = 28, 20 − 2 = 18, 28 × 18 = 504, 600 − 504 = 96. ದಾರಿ ಎರಡೂ ಬದಿಯಲ್ಲಿದೆ, 2 ಮೀಟರನ್ನು ಎರಡು ಸಲ ಕಳೆಯಬೇಕು ಎಂಬುದು ಹೊಳೆದಿಲ್ಲ, ಅಷ್ಟೇ. ಪ್ರಶ್ನೆ ಅವಳಿಗೆ ಸರಿಯಾಗೇ ಅರ್ಥವಾಗಿದೆ.

ಎರಡು ತಪ್ಪಿಗೂ ಮದ್ದು ಬೇರೆ. ಪ್ರಶ್ನೆಯನ್ನೇ ತಪ್ಪು ತಿಳಿದಿದ್ದರೆ ಮತ್ತೆ ಓದಿಸಬೇಕು. ಇಲ್ಲಿ ಒಂದು ಆಯತ ಬರೆಸಿ, ಒಳಗೆ ಇನ್ನೊಂದು ಆಯತ ಬರೆಸಿ, ಎಡಗಡೆ 2, ಬಲಗಡೆ 2 ಎಂದು ಗುರುತು ಹಾಕಿಸಿದರೆ ಸಾಕು. 26 ತಾನೇ ಹೇಳುತ್ತಾಳೆ.

## ಹಂತ 7: ಪುಸ್ತಕ ಶಾಲೆಯಲ್ಲೇ ಉಳಿದಿದ್ದರೆ

ಮೊದಲು ಬ್ಯಾಗ್ ಪೂರ್ತಿ ಖಾಲಿ ಮಾಡಿಸಿ. 'ಶಾಲೆಯಲ್ಲಿದೆ' ಎಂದ ಪುಸ್ತಕ ಬ್ಯಾಗಿನ ಹಿಂದಿನ ಖಾನೆಯಲ್ಲಿ ಸಿಗುವುದು ಮಾಮೂಲು.

ನಿಜಕ್ಕೂ ಇಲ್ಲದಿದ್ದರೆ ಎರಡು ದಾರಿ. ಒಂದು, ಪೋಷಕರ ವಾಟ್ಸಾಪ್ ಗುಂಪು. ಅಲ್ಲಿ "ಇವತ್ತಿನ ಮ್ಯಾಥ್ಸ್ ಹೋಮ್‌ವರ್ಕ್ ಯಾರಾದ್ರೂ ಕಳಿಸಿ" ಎಂದು ಹಾಕಿದರೆ ಯಾರೋ ತಮ್ಮ ಮಗು ಮಾಡಿ ಮುಗಿಸಿದ ಉತ್ತರದ ಪುಟವನ್ನೇ ಕಳಿಸುತ್ತಾರೆ. ಹೀಗೆ ಬರೆಯಿರಿ:

"ನಮಸ್ಕಾರ. 7ನೇ ತರಗತಿ ಗಣಿತ, ಭಾಗ 2, ಕನ್ನಡ ಮಾಧ್ಯಮ. ವಿಸ್ತೀರ್ಣದ ಪಾಠದಲ್ಲಿ ತೋಟ ಮತ್ತು ದಾರಿಯ 6ನೇ ಲೆಕ್ಕ ಇರುವ ಪುಟ ಮತ್ತು ಅದರ ಮುಂದಿನ ಪುಟದ ಫೋಟೋ ಬೇಕಿತ್ತು. ಪುಸ್ತಕದ ಪುಟ ಮಾತ್ರ ಸಾಕು, ಉತ್ತರ ಬೇಡ. ನನಗೆ ಪರ್ಸನಲ್ ಆಗಿ ಕಳಿಸಿದರೂ ಸರಿ."

ಎಲ್ಲರೂ ಇರುವ ಗುಂಪಿಗಿಂತ ನಿಮಗೆ ಪರಿಚಯ ಇರುವ ಒಬ್ಬರಿಗೆ ಕೇಳುವುದು ಇನ್ನೂ ವಾಸಿ. ಗುಂಪಿನಲ್ಲಿ ಕೇಳಿದರೆ ನಾಲ್ಕು ಜನ ನಾಲ್ಕು ಪುಟ ಕಳಿಸಿ, ಅದರ ಮೇಲೊಂದು ಚರ್ಚೆ ನಡೆದು, ರಾತ್ರಿ ಹತ್ತಾಗುತ್ತದೆ.

ಎರಡನೆಯದು ಪಿಡಿಎಫ್. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ರಾಜ್ಯ ಪಠ್ಯಕ್ರಮದ ಪುಸ್ತಕಗಳು, ncert.nic.in ನಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಎನ್‌ಸಿಇಆರ್‌ಟಿಯಲ್ಲಿ ಒಂದೊಂದು ಪಾಠವನ್ನೂ ಬೇರೆ ಬೇರೆ ಇಳಿಸಿಕೊಳ್ಳಬಹುದು, ಡೇಟಾ ಉಳಿಯುತ್ತದೆ. ಖಾಸಗಿ ಪ್ರಕಾಶನದ ಪುಸ್ತಕಕ್ಕೆ ಈ ದಾರಿ ಹಿಡಿಯಬೇಡಿ.

ಪಿಡಿಎಫ್‌ನಲ್ಲಿ ಎಡವುವ ಜಾಗ ಒಂದಿದೆ. ಮಗುವಿನ ಡೈರಿಯಲ್ಲಿ 'ಪುಟ 45' ಎಂದಿದ್ದರೆ ಫೋನಿನಲ್ಲಿ 45 ಒತ್ತಿ ಹೋದಾಗ ಬೇರೆ ಪುಟ ತೆರೆದುಕೊಳ್ಳುತ್ತದೆ. ಮುಖಪುಟ, ಮುನ್ನುಡಿ, ಪರಿವಿಡಿ ಎಲ್ಲ ಅಲ್ಲಿ ಲೆಕ್ಕಕ್ಕೆ ಸೇರಿರುತ್ತವೆ. ಪುಟದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ನೋಡಿ. ಆಮೇಲೆ ಅಭ್ಯಾಸದ ಸಂಖ್ಯೆ, ಲೆಕ್ಕದ ಸಂಖ್ಯೆ, ಲೆಕ್ಕದೊಳಗಿನ ಒಂದು ಅಂಕಿ, ಇಷ್ಟು ಹೊಂದಿದರೆ ಅದೇ ಪುಟ. 6ನೇ ಲೆಕ್ಕವೇ ಇದ್ದು 30 ಮೀ ಬದಲು 45 ಮೀ ಎಂದಿದ್ದರೆ ಮುದ್ರಣ ಬೇರೆ ಅಥವಾ ಅಭ್ಯಾಸ ಬೇರೆ.

ಪಾಠದ ಆರಂಭದಲ್ಲಿರುವ ಕ್ಯೂಆರ್ ಕೋಡ್ ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದಿಲ್ಲ. ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಥವಾ ಅದರ ಕೆಳಗಿನ ಆರು ಅಕ್ಷರ ಟೈಪ್ ಮಾಡಿದರೆ ಹೆಚ್ಚಾಗಿ ಆ ಪಾಠದ ವೀಡಿಯೊಗಳು, ಅಭ್ಯಾಸದ ಸಾಮಗ್ರಿ ಸಿಗುತ್ತವೆ. ನಿಮಗೆ ಬೇಕಾದ್ದು 6ನೇ ಲೆಕ್ಕದ ಪುಟ.

## ಹಂತ 8: ಪುಟ ನೋಡಿದರೂ ಪ್ರಶ್ನೆ ಅರ್ಧವೇ ಇದ್ದರೆ

ಪುಸ್ತಕದಲ್ಲೇ ಇಲ್ಲದ ಪ್ರಶ್ನೆಗಳೂ ಬರುತ್ತವೆ. ಬೋರ್ಡಿನಿಂದ ಬರೆದುಕೊಂಡದ್ದು, ಮೇಡಂ ಬಾಯಲ್ಲಿ ಹೇಳಿದ್ದು. ಗಂಟೆ ಹೊಡೆದಾಗ ಮಗು ಪೆನ್ನು ಎತ್ತಿಬಿಟ್ಟಿರುತ್ತದೆ. ಗುರುತು ಹಿಡಿಯುವುದು ಸುಲಭ: ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಸಾಲಿನ ನಡುವೆ ನಿಂತಿರುತ್ತದೆ, ಕೊನೆಯ ಪದಗಳ ಅಕ್ಷರ ಓಡುತ್ತಿರುತ್ತದೆ, ಮತ್ತು "ಯಾವ ಪುಟ?" ಎಂದರೆ ಮಗು ಸುಮ್ಮನಿರುತ್ತದೆ. ಆಗ ಪುಟಕ್ಕಾಗಿ ಪೀಡಿಸಬೇಡಿ. ಇಲ್ಲದ ಪುಟವನ್ನು ಎಲ್ಲಿಂದ ತಂದೀತು?

ಪಕ್ಕದಲ್ಲಿ ಕೂರುವ ಗೆಳತಿಯ ನೋಟ್‌ಬುಕ್ ಫೋಟೋ ಮೊದಲ ಆಯ್ಕೆ. ಅದೂ ಸಿಗದಿದ್ದರೆ ಟೀಚರಿಗೆ ಒಂದೇ ಮೆಸೇಜ್, ಎಂಟು ಗಂಟೆಯೊಳಗೆ:

"ಮೇಡಂ, ನಮಸ್ತೆ. ಇವತ್ತು ಬೋರ್ಡಿನಲ್ಲಿ ಕೊಟ್ಟ ತೋಟದ ಲೆಕ್ಕದಲ್ಲಿ ದಾರಿ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮಗಳು ಬರೆದುಕೊಂಡಿಲ್ಲ. ಅದೊಂದು ತಿಳಿಸಿದರೆ ಸಾಕು."

ಹೀಗೆ ಕೇಳಿದರೆ ಅವರು ಒಂದು ಪದದಲ್ಲಿ ಉತ್ತರಿಸಬಹುದು. "ಹೋಮ್‌ವರ್ಕ್ ಅರ್ಥ ಆಗ್ಲಿಲ್ಲ ಮೇಡಂ" ಎಂದರೆ ಅವರು ಪೂರ್ತಿ ಪಾಠ ಮತ್ತೆ ಟೈಪ್ ಮಾಡಬೇಕು.

ಉತ್ತರ ಬರಲಿಲ್ಲ, ಮಲಗುವ ಹೊತ್ತಾಯಿತು ಎಂದಾದರೆ ಲೆಕ್ಕವನ್ನು ಒಂದು ರೀತಿ ಊಹಿಸಿಕೊಂಡು ಮಾಡಿಸಿ, ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆಸಿ: "ದಾರಿ ತೋಟದ ಒಳಗಿದೆ ಎಂದು ತಿಳಿದು ಮಾಡಿದ್ದೇನೆ." ನಾಳೆ ಟೀಚರ್ ಹೊರಗೆ ಎಂದರೆ 26 ಮತ್ತು 16 ಇರುವ ಕಡೆ 34 ಮತ್ತು 24 ಬರೆದು, 816ರಲ್ಲಿ 600 ಕಳೆದರಾಯಿತು.